ಅಕ್ಕ ಬೇಕು

ಸಂದೇಶದಲ್ಲಿ ಇದ್ದದ್ದು ಎರಡೇ ಪದ. ಅಕ್ಕ ಬೇಕು.

ಹೊದಿಕೆಯೊಳಗೆ ಫೋನಿನ ಬೆಳಕು ಬೀಳುತ್ತಿದ್ದಂತೆ ಪಕ್ಕದಲ್ಲಿದ್ದ ಅಮ್ಮ ಮಗ್ಗುಲು ಬದಲಿಸಿದಳು. ಒಂದೇ ಕೋಣೆ, ಒಂದೇ ಮಂಚ, ಕಿಟಕಿಯಾಚೆ ಎದುರು ಕಟ್ಟಡದ ಗೋಡೆ. ಲಿಫ್ಟಮ್ಮ ಫೋನನ್ನು ಎದೆಗೆ ಕವುಚಿಕೊಂಡು, ಅಮ್ಮನ ಉಸಿರು ಮತ್ತೆ ಹದಕ್ಕೆ ಬರುವವರೆಗೆ ಕಾದಳು.

ಲಿಫ್ಟಮ್ಮ ಎನ್ನುವುದು ಗೆಳತಿ ಇಟ್ಟ ಹೆಸರು. ಲಿಫ್ಟ್‌ಗಳಲ್ಲಿ ಸಿಕ್ಕಿಹಾಕಿಕೊಂಡವರು ಕೆಂಪು ಗುಂಡಿ ಒತ್ತಿದರೆ ಯಾವ ಧ್ವನಿ ಕೇಳಿಸುತ್ತದೋ ಆ ಧ್ವನಿ ಅವಳದು. ದಿನವಿಡೀ ಒಂದು ಸಹಾಯವಾಣಿ ಕೇಂದ್ರದಲ್ಲಿ ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಕೂರುತ್ತಾಳೆ. ಪ್ರತಿಯಾಗಿ ಅವಳು ಗೆಳತಿಗೆ ಹಲ್ಲಿ ಎಂದು ಹೆಸರಿಟ್ಟಿದ್ದಳು. ಹಲ್ಲಿ ಕಟ್ಟುಹಲ್ಲು ಮಾಡುವವಳು. ಒಂದು ಲ್ಯಾಬಿನಲ್ಲಿ ಕೂತು ಪ್ಲಾಸ್ಟರಿನ ದವಡೆಗಳ ಮೇಲೆ ಮೇಣದ ಒಸಡು ಕೂರಿಸಿ, ಅದರಲ್ಲಿ ಒಂದೊಂದೇ ಹಲ್ಲು ನೆಡುತ್ತಾಳೆ. ಶಾಲೆಯಲ್ಲಿದ್ದಾಗ ಬೇರೆ ಅಡ್ಡಹೆಸರುಗಳು, ಈಗ ಇವು; ಇಬ್ಬರೂ ಒಬ್ಬರನ್ನೊಬ್ಬರು ಸರಿಯಾದ ಹೆಸರಿನಿಂದ ಕರೆದದ್ದು ಕಡಿಮೆ.

ಹಲ್ಲಿಯ ಅಕ್ಕ ಈಜು ಕಲಿಸುತ್ತಿದ್ದಳು. ಕೊಳದ ಪಕ್ಕದ ಬಟ್ಟೆ ಬದಲಿಸುವ ಕೋಣೆಯಲ್ಲಿ, ಇನ್ನೂ ಸೀಟಿ ಕೊರಳಲ್ಲಿದ್ದಾಗಲೇ, ಮೆದುಳಿನೊಳಗೆ ಏನೋ ಒಡೆದು ಬಿದ್ದಳು. ಮತ್ತೆ ಏಳಲಿಲ್ಲ. ತಂದೆತಾಯಿ ಇಲ್ಲದ ಹುಡುಗಿಯನ್ನು ಸಾಕಿದವಳು ಅಕ್ಕನೇ. ಈಗ ಅವರಿಬ್ಬರ ಮನೆಯಲ್ಲಿ ಹಲ್ಲಿ ಒಬ್ಬಳೇ ಇದ್ದಾಳೆ.

ಅಕ್ಕ ಬೇಕು. ಲಿಫ್ಟಮ್ಮನಿಗೆ ಆ ಎರಡನೆಯ ಪದವೇ ಕೈಕಟ್ಟಿ ಹಾಕುತ್ತಿತ್ತು. ನೆನಪಾಗ್ತಾಳೆ ಎಂದಿದ್ದರೆ ಹೌದು ನನಗೂ ಎನ್ನಬಹುದಿತ್ತು. ಬೇಜಾರು ಎಂದಿದ್ದರೆ ಏನೋ ಒಂದು ಸಮಾಧಾನ ಹೇಳಬಹುದಿತ್ತು. ಬೇಕು ಅಂದರೆ ಕೊಡಬೇಕು. ಅಂಗಡಿಯ ಮುಂದೆ ನೆಲಕ್ಕೆ ಬಿದ್ದು ಹೊರಳುವ ಮಗು ಬೇಕು ಎನ್ನುವ ಹಾಗೆ ಬರೆದಿದ್ದಾಳೆ. ಕೊಡಲು ತನ್ನ ಬಳಿ ಇಲ್ಲ, ಯಾರ ಬಳಿಯೂ ಇಲ್ಲ.

ಆದರೂ ಆ ಪದಗಳು ಮೊದಲು ಬಂದ ರಾತ್ರಿಯೇ ಅವಳು ಉತ್ತರ ಬರೆದಿದ್ದಳು. ಉದ್ದಕ್ಕೆ ಬರೆದಿದ್ದಳು. ಧೈರ್ಯ ತಂದ್ಕೋ ಕಣೇ. ಅಕ್ಕ ಎಲ್ಲಿದ್ರೂ ನಿನ್ನನ್ನ ನೋಡ್ತಾನೇ ಇರ್ತಾಳೆ. ನೀನು ಹೀಗೆ ಕೂತ್ರೆ ಅವಳಿಗೆ ಇಷ್ಟ ಆಗುತ್ತಾ? ಊಟ ಮಾಡಿದ್ಯಾ? ನಿದ್ದೆ ಬರ್ತಿಲ್ವಾ? ಫೋನ್ ಮಾಡ್ಲಾ?

ಆಚೆಯಿಂದ ಉತ್ತರ ಬಂದಿತ್ತು. ಊಟ ಆಯ್ತು. ಈಗ ಮಲಗ್ತೀನಿ. ಥ್ಯಾಂಕ್ಸ್. ನಿನ್ನ ನಿದ್ದೆ ಕೆಡಿಸ್ದೆ, ಸಾರಿ. ಬೆಳಿಗ್ಗೆ ಕೆಲಸ ಇದೆ ಅಲ್ವಾ, ನೀನು ಮಲ್ಕೋ.

ಅದನ್ನು ಓದಿ ಲಿಫ್ಟಮ್ಮನಿಗೆ ಹಾಯೆನಿಸಿತ್ತು. ಮರುದಿನ ಮತ್ತೊಮ್ಮೆ ಓದಿದಾಗ ಹಾಗೆನಿಸಲಿಲ್ಲ. ಅಳುತ್ತಿದ್ದವಳು ಕಣ್ಣೊರೆಸಿಕೊಂಡು ಎದ್ದು, ಕೇಳಿದ ಪ್ರಶ್ನೆಗೆಲ್ಲ ಸಾಲಾಗಿ ಉತ್ತರ ಕೊಟ್ಟು, ಬಂದವರನ್ನು ಬಾಗಿಲವರೆಗೆ ಬಿಟ್ಟುಬಂದಂತಿತ್ತು.

ಆಮೇಲಿನ ರಾತ್ರಿಗಳಲ್ಲಿ ಅವಳು ಬೇರೆ ಬೇರೆ ರೀತಿ ಪ್ರಯತ್ನಿಸಿದಳು. ಕೆಂಪು ಹೃದಯ ಒತ್ತಿ ಸುಮ್ಮನಾದಳು. ಅದು ಯಾರದೋ ಮದುವೆ ಫೋಟೋಗೆ ಒತ್ತಿದಂತೆ ಕಂಡಿತು. ಇನ್ನೊಂದು ರಾತ್ರಿಯದಕ್ಕೆ ಮರುದಿನ ಬೆಳಿಗ್ಗೆ ಉತ್ತರ ಕೊಟ್ಟಳು. ಬೆಳಕಿನಲ್ಲಿ ಆ ಮಾತು ಎತ್ತಿದ್ದೇ ತಪ್ಪೆನಿಸಿ ಹಲ್ಲಿ, ಅಯ್ಯೋ ಅದು ನಿನ್ನೆ ರಾತ್ರಿದು ಬಿಡೇ, ಎಂದು ಬರೆದಳು. ಒಂದು ರಾತ್ರಿ ಏನೂ ತೋಚದೆ ಕೆಲಸದ ಮಾತನ್ನೇ ಕಳಿಸಿದಳು. ಸಹಾಯವಾಣಿಯಲ್ಲಿ ಮೇಲ್ವಿಚಾರಕರು ಎಲ್ಲರಿಗೂ ಬಾಯಿಪಾಠ ಮಾಡಿಸಿದ ಮಾತು ಅದು. ಬಾಗಿಲು ಈಗಲೇ ತೆರೆಯುತ್ತದೆ ಎನ್ನಬಾರದು, ಹೆದರಬೇಡಿ ಎನ್ನಬಾರದು, ಇಷ್ಟು ಹೊತ್ತಾಗುತ್ತದೆ ಎಂದು ಮಾತು ಕೊಡಬಾರದು. ಇಷ್ಟೇ ಹೇಳಬೇಕು: ನೀವು ಒಬ್ಬರೇ ಇಲ್ಲ, ನಾನು ಲೈನಿನಲ್ಲೇ ಇದ್ದೀನಿ.

ನೀನು ಒಬ್ಬಳೇ ಇಲ್ಲ, ನಾನು ಲೈನಲ್ಲೇ ಇದ್ದೀನಿ, ಎಂದು ಅವಳು ಬರೆದಳು.

ಟೈಪಿಂಗ್ ಎಂದು ತೋರಿಸಿತು. ನಿಂತಿತು. ಮತ್ತೆ ತೋರಿಸಿತು.

ಲಿಫ್ಟ್‌ನೋರಿಗೆ ಹೇಳೋ ಮಾತಲ್ವೇನೇ ಇದು? ಕೆಲಸಕ್ಕೆ ಸೇರಿದ ಹೊಸದರಲ್ಲಿ ನಮ್ಮನೇಲೇ ಕೂತು ಉರು ಹೊಡೀತಿದ್ದೆ. ಅಕ್ಕ ಬಚ್ಚಲಲ್ಲಿ ಬಾಗಿಲು ಹಾಕ್ಕೊಂಡು ಸಿಕ್ಕಾಕ್ಕೊಂಡೋಳ ಹಾಗೆ ಕಿರುಚ್ತಿದ್ಲು, ನೀನು ಈ ಕಡೆಯಿಂದ ಇದನ್ನೇ ಹೇಳ್ತಿದ್ದೆ.

ಅದರ ಕೆಳಗೆ ಇನ್ನೊಂದು: ಪರವಾಗಿಲ್ಲ ಬಿಡು.

ಆ ರಾತ್ರಿಯಿಂದ ಸಂದೇಶಗಳು ಬರುವ ರೀತಿ ಬದಲಾಯಿತು. ಫೋನು ಒಮ್ಮೆ ನಡುಗುತ್ತಿತ್ತು. ತೆರೆದರೆ ಅಲ್ಲಿ, ಈ ಸಂದೇಶವನ್ನು ಅಳಿಸಲಾಗಿದೆ, ಎಂಬ ಬೂದು ಬಣ್ಣದ ಸಾಲು. ಬರೆದು, ಕಳಿಸಿ, ಇವಳು ನೋಡುವ ಮೊದಲೇ ಅಳಿಸಿಬಿಡುತ್ತಿದ್ದಳು. ಮರುರಾತ್ರಿ ಅದರ ಕೆಳಗೆ ಇನ್ನೊಂದು ಬೂದು ಸಾಲು. ಲಿಫ್ಟಮ್ಮ ಅವುಗಳನ್ನು ಬೆರಳಿನಿಂದ ಮೇಲಕ್ಕೂ ಕೆಳಕ್ಕೂ ಸರಿಸಿ ನೋಡುತ್ತಿದ್ದಳು. ಎಲ್ಲವೂ ಅದೇ ಎರಡು ಪದಗಳೇ ಇರಬೇಕು. ಅಲ್ಲದೆಯೂ ಇರಬಹುದು. ಆ ಎರಡನೆಯ ಯೋಚನೆಯಿಂದ ಅವಳಿಗೆ ನಿದ್ದೆ ಹತ್ತುತ್ತಿರಲಿಲ್ಲ. ಹಲ್ಲಿ ಬೇರೆ ಯಾರಿಗೂ ಬರೆಯುವವಳಲ್ಲ. ಇದೊಂದು ಕಿಂಡಿ ಇತ್ತು, ಅದನ್ನೂ ಒಳಗಿನಿಂದ ಮುಚ್ಚಿಕೊಳ್ಳುತ್ತಿದ್ದಾಳೆ. ಮುಚ್ಚಿಕೊಳ್ಳುವಂತೆ ಮಾಡಿದ್ದು ತನ್ನ ಉತ್ತರಗಳೇ.

"ಯಾರೇ ಅದು, ಹೊತ್ತಲ್ಲದ ಹೊತ್ತಲ್ಲಿ?" ಅಮ್ಮ ಕತ್ತಲಲ್ಲೇ ಕೇಳಿದಳು.

"ಯಾರೂ ಇಲ್ಲಮ್ಮ."

"ಯಾರೂ ಇಲ್ದೋರು ದಿನಾ ಮೆಸೇಜು ಮಾಡ್ತಾರಾ? ಹುಡುಗ ಆದ್ರೆ ಹುಡುಗ ಅಂತ ಹೇಳು, ನಾನೇನ್ ಕಚ್ಚಲ್ಲ."

"ಹಲ್ಲಿ ಕಣಮ್ಮ."

ಅಮ್ಮ ಈ ಕಡೆ ತಿರುಗಿದಳು. "ಪಾಪ," ಎಂದಳು. ಮತ್ತೆ, "ಹುಡುಗ ಆಗಿದ್ರೆ ಚೆನ್ನಾಗಿತ್ತು," ಎಂದು ಹೊದಿಕೆ ಎಳೆದುಕೊಂಡಳು.

ರಜೆಯ ದಿನ ಲಿಫ್ಟಮ್ಮ ಹಲ್ಲಿನ ಲ್ಯಾಬಿಗೆ ಹೋದಳು. ಕಿಟಕಿಯಿಲ್ಲದ ಉದ್ದನೆಯ ಕೋಣೆ. ಉಜ್ಜುವ ಯಂತ್ರದ ಕೊರೆತ, ಬಿಸಿ ಮೇಣದ ವಾಸನೆ, ಎಲ್ಲದರ ಮೇಲೂ ಬಿಳಿ ಧೂಳು. ಕಪಾಟಿನ ತುಂಬ ಬಾಯಿ ತೆರೆದ ಪ್ಲಾಸ್ಟರ್ ದವಡೆಗಳು. ಹಲ್ಲಿ ಸ್ಪಿರಿಟ್ ದೀಪದ ಮೇಲೆ ಚಿಕ್ಕ ಚೂರಿಯನ್ನು ಕಾಯಿಸಿ ಮೇಣ ಕರಗಿಸುತ್ತಿದ್ದಳು. ತಲೆಯೆತ್ತಲಿಲ್ಲ.

"ಕೂತ್ಕೋ. ಅದರ ಮೇಲಲ್ಲ ಕಣೇ, ಅದು ಒಬ್ಬ ಲಾಯರ್ರ ಮೇಲ್ದವಡೆ."

ಲಿಫ್ಟಮ್ಮ ಸ್ಟೂಲನ್ನು ಬದಲಿಸಿದಳು. ಸ್ವಲ್ಪ ಹೊತ್ತು ಲಾಯರ್ರ ಬಗ್ಗೆ ಮಾತಾಡಿದರು. ಅವರಿಗೆ ಎಲ್ಲರಂಥ ಹಲ್ಲು ಬೇಡವಂತೆ, ಮುಂದಿನದು ಒಂದು ಸ್ವಲ್ಪ ಸೊಟ್ಟಗಿರಬೇಕಂತೆ, ಇಲ್ಲದಿದ್ದರೆ ಹೆಂಡತಿಗೆ ಗುರುತು ಸಿಗುವುದಿಲ್ಲವಂತೆ. ಇಬ್ಬರೂ ನಕ್ಕರು. ನಗು ಮುಗಿದ ಮೇಲೆ ಲಿಫ್ಟಮ್ಮ ಸ್ಟೂಲನ್ನು ಹತ್ತಿರ ಎಳೆದುಕೊಂಡಳು.

"ರಾತ್ರಿ ಯಾಕೆ ಅಳಿಸ್ತೀಯಾ?"

"ಏನನ್ನ?"

"ಆಟ ಆಡ್ಬೇಡ."

ಹಲ್ಲಿ ಚೂರಿಯನ್ನು ಕೆಳಗಿಟ್ಟಳು. "ಅದು ನಿಂಗಲ್ಲ ಕಣೇ."

"ನನ್ನ ನಂಬರಿಗೆ ಬರುತ್ತಲ್ಲ?"

"ಅಕ್ಕನ ನಂಬರಿಗೇ ಬರೀತಿದ್ದೆ ಮೊದ್ಲು. ಆಮೇಲೆ ಫೋನ್ ಕಂಪನಿಯೋರು ಅದನ್ನ ಯಾರಿಗೋ ಕೊಟ್ಬಿಟ್ರು. ಈಗ ಅಲ್ಲಿ ಕನ್ನಡಕ ಹಾಕಿರೋ ಗಂಡಸಿನ ಫೋಟೋ ಬರುತ್ತೆ, ಬೈಕ್ ಮೇಲೆ ಕೂತಿದ್ದಾನೆ. ಅವನಿಗೆ ಅಕ್ಕ ಬೇಕು ಅಂತ ಬರೆದ್ರೆ ಏನಂದ್ಕೋತಾನೆ?"

"ಅದಕ್ಕೆ ನಂಗೆ ಬರೆದ್ಯಾ?"

"ನೀನು ಕೋಳಿ ಥರ ಬೇಗ ಮಲಗೋಳು. ಬೆಳಿಗ್ಗೆ ನೋಡ್ತೀಯಾ, ಸುಮ್ನಾಗ್ತೀಯಾ ಅನ್ಕೊಂಡಿದ್ದೆ. ನೀನು ಎದ್ದು ಕೂತು ಉತ್ತರ ಕೊಡ್ತೀಯಲ್ಲೇ! ಅಷ್ಟುದ್ದ! ಆಮೇಲೆ ನಾನು ಊಟ ಆಯ್ತು, ನಿದ್ದೆ ಬಂತು ಅಂತೆಲ್ಲ ಬರೀಬೇಕು. ಊಟಾನೂ ಆಗಿರಲ್ಲ, ನಿದ್ದೇನೂ ಬಂದಿರಲ್ಲ."

"ಸರಿ ಹಾಗಾದ್ರೆ. ಇನ್ಮೇಲೆ ಉತ್ತರ ಕೊಡಲ್ಲ."

"ಕೊಡದಿದ್ರೆ ನೀನು ಓದಿರೋ ನೀಲಿ ಗೆರೆ ಮಾತ್ರ ಕಾಣುತ್ತೆ. ನೋಡಿದ್ಲು, ಏನೂ ಹೇಳ್ಲಿಲ್ಲ, ನನ್ನ ಗೋಳು ಕೇಳಿ ಸಾಕಾಗಿದೆ ಇವಳಿಗೆ ಅನ್ಸುತ್ತೆ."

"ನೋಡೋದೇ ಇಲ್ಲ. ಮೇಲೆ ಬರೋ ನೋಟಿಫಿಕೇಶನ್ ಪಟ್ಟೀಲೇ ಓದ್ಕೊಂಡು ಬಿಡ್ತೀನಿ, ಗೆರೆ ನೀಲಿ ಆಗಲ್ಲ."

"ಆಗ ಇವಳು ನೋಡೇ ಇಲ್ಲ ಅಂತ ಕಾಯ್ತಾ ಕೂತಿರ್ತೀನಿ."

"ಮತ್ತೆ ನಾನು ಏನ್ ಮಾಡ್ಲಿ, ಹೇಳೇ ಮಾರಾಯ್ತಿ."

"ನಂಗೇನ್ ಗೊತ್ತು?" ಹಲ್ಲಿಯ ಧ್ವನಿ ಏರಿತು, ಆಚೆ ಮೂಲೆಯಲ್ಲಿ ಉಜ್ಜುತ್ತಿದ್ದವನು ಯಂತ್ರ ನಿಲ್ಲಿಸಿ ನೋಡಿದ. ಅವಳು ದನಿ ತಗ್ಗಿಸಿದಳು. "ಗೊತ್ತಿದ್ರೆ ಅಳಿಸ್ತಿದ್ನಾ?"

ಲಿಫ್ಟಮ್ಮ ಹಿಂದಿರುಗುವ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಿದ್ದಳು, ಹಿಂದೆ ಮುಂದೆ ಜನ ಒತ್ತಿಕೊಂಡಿದ್ದರು. ಉತ್ತರ ಕೊಟ್ಟರೆ ಅವಳಿಗೆ ಕೆಲಸ, ಕೊಡದಿದ್ದರೆ ನೋವು. ಎರಡೂ ಕಡೆ ಗೋಡೆ. ಉತ್ತರ ಬೇಡ ಅನ್ನುವುದಕ್ಕೂ ಉತ್ತರ ಬರುವುದಿಲ್ಲ ಅಂದುಕೊಳ್ಳುವುದಕ್ಕೂ ನಡುವೆ ಒಂದು ಇರುಕು ಜಾಗ ಇದೆ. ಹಲ್ಲಿ ಅಲ್ಲಿ ನಿಂತಿದ್ದಾಳೆ. ಇವಳೂ ಅಲ್ಲೇ ತೂರಿಕೊಳ್ಳಬೇಕು, ಮೈ ತಾಗಿಸದೆ.

ಅಂದು ರಾತ್ರಿ ಫೋನು ನಡುಗಿದಾಗ ಅವಳು ಹಲ್ಲಿಗೆ ಅಳಿಸಲು ಬಿಡುವು ಕೊಡದೆ ತೆರೆದಳು. ಅಕ್ಕ ಬೇಕು.

ಗೆರೆ ನೀಲಿಯಾಯಿತು. ಇನ್ನು ಹಿಂದಕ್ಕೆ ಹೋಗುವಂತಿಲ್ಲ. ಅವಳು ಬರೆಯತೊಡಗಿ ಥಟ್ಟನೆ ನಿಲ್ಲಿಸಿದಳು. ಆಚೆ ಹಲ್ಲಿಗೆ ಟೈಪಿಂಗ್ ಎಂದು ಕಾಣಿಸಿ ಆರಿಹೋಗಿರುತ್ತದೆ. ಉದ್ದನೆಯದು ಬರುತ್ತದೆಂದು ಅವಳು ಈಗಾಗಲೇ ಸುಸ್ತಾಗಿರಬೇಕು. ಹಾಗಾಗಬಾರದು. ಒಂದೇ ಅಕ್ಷರ ಸಾಕು. ಕತೆ ಹೇಳುವವರ ಎದುರು ಕೂತವರು ಹೂಂ ಎನ್ನುತ್ತಾರಲ್ಲ, ಹೌದು ಅಂತಲೂ ಅಲ್ಲ, ಒಪ್ಪಿದೆ ಅಂತಲೂ ಅಲ್ಲ, ಕಿವಿ ಇಲ್ಲಿದೆ ಅಂತ ಅಷ್ಟೇ. ಅವಳು ಹೂಂ ಎಂದು ಒತ್ತಿ ಕಳಿಸಿದಳು.

ಕಳಿಸಿದ ಮೇಲೆ ನೋಡಿದರೆ, ಫೋನು ತನಗೆ ತಿಳಿದಂತೆ ತಿದ್ದಿಕೊಂಡಿತ್ತು. ಪರದೆಯ ಮೇಲೆ ಇದ್ದದ್ದು: ಹೂ.

ಜೊತೆಗೆ ತಾನಾಗಿಯೇ ಒಂದು ಗುಲಾಬಿಯ ಚಿತ್ರ.

ಲಿಫ್ಟಮ್ಮನ ಕಿವಿ ಬಿಸಿಯಾಯಿತು. ಅಳಿಸಲು ಬೆರಳು ಹೋಯಿತು. ಅಳಿಸಿದರೆ ಅದೇ ಬೂದು ಸಾಲು ತನ್ನ ಹೆಸರಿನಲ್ಲೂ ಬೀಳುತ್ತದೆ. ಅಷ್ಟರಲ್ಲಿ ಗೆರೆಗಳು ನೀಲಿಯಾದವು.

ಹೂವಾ? ಎಂದು ಹಲ್ಲಿ ಬರೆದಳು.

ಕೆಳಗೆ ಇನ್ನೊಂದು ಬಂತು.

ಅಕ್ಕಂಗೆ ಹೂ ಆಗಲ್ಲ ಕಣೇ. ಹತ್ರ ತಂದ್ರೆ ಸಾಕು, ಆಕ್ಷೀ ಆಕ್ಷೀ. ಸತ್ತ ದಿನ ಎಲ್ರೂ ತಂದು ಸುರಿದ್ರಲ್ಲ. ಎದ್ದು ಸೀನಿಬಿಡ್ತಾಳೆ ಅಂತ ನೋಡ್ತಾನೇ ಇದ್ದೆ.

ಅದಕ್ಕೆ ಏನು ಹೇಳಬೇಕು? ಸಾರಿ, ಅದು ಹೂಂ ಅಂತ ಬರೆದದ್ದು, ಎನ್ನಬಹುದಿತ್ತು. ಹಾಗಂದರೆ ಪರವಾಗಿಲ್ಲ ಎಂದು ಅವಳು ಬರೆಯಬೇಕಾಗುತ್ತದೆ. ಲಿಫ್ಟಮ್ಮ ಅದನ್ನು ಬಿಟ್ಟಳು. ಸೀನುವ ಅಕ್ಕ ಕಣ್ಣಮುಂದೆ ಬಂದಿದ್ದಳು, ಒದ್ದೆ ಕೂದಲು, ಕ್ಲೋರಿನ್ ವಾಸನೆ. ಲಿಫ್ಟಮ್ಮ ದೊಡ್ಡವಳಾದ ಮೇಲೆ ಅವಳ ಬಳಿಯೇ ಈಜು ಕಲಿಯಲು ಹೋಗಿದ್ದಳು. ಯೋಚಿಸದೆ ಬರೆದಳು.

ಮೊದಲ್ನೇ ದಿನ ನಾನು ಕೊಳದ ಕಂಬಿ ಬಿಡ್ಲೇ ಇಲ್ಲ. ನಿಮ್ಮಕ್ಕ ಎಲ್ರ ಮುಂದೆ, ಬಿಡೇ ಅದನ್ನ, ಅದೇನ್ ನಿನ್ ಗಂಡನಾ, ಅಂದ್ಲು.

ಪ್ರಶ್ನೆಯಿಲ್ಲ, ಸಲಹೆಯಿಲ್ಲ. ಕೆಳಗೆ ಏನನ್ನೂ ಸೇರಿಸಲಿಲ್ಲ. ಆಚೆಯಿಂದಲೂ ಏನೂ ಬರಲಿಲ್ಲ. ಅಳಿಸಿದ ಸಾಲೂ ಬರಲಿಲ್ಲ.

ಮರುರಾತ್ರಿ ಬಂದ ಮಾತು ಬೇರೆ. ಇನ್ನೊಂದು ಇದ್ಯಾ?

ಇತ್ತು. ಹೊಟ್ಟೆ ತುಂಬ ತಿಂದು ನೀರಿಗಿಳಿಯಬಾರದು ಎಂದು ಎಲ್ಲರನ್ನೂ ಗದರುತ್ತಿದ್ದ ಅಕ್ಕ, ಬಟ್ಟೆ ಬದಲಿಸುವ ಕೋಣೆಯ ಬಾಗಿಲ ಹಿಂದೆ ನಿಂತು ಬಿಸ್ಕತ್ತು ತಿನ್ನುವಾಗ ಸಿಕ್ಕಿಬಿದ್ದದ್ದು. ತಿಂದದ್ದು ನಾನಲ್ಲ ಎಂದದ್ದು, ತುಟಿಯ ಮೇಲೆ ಪುಡಿ ಇಟ್ಟುಕೊಂಡೇ. ಅದರ ಮುಂದಿನ ರಾತ್ರಿ ಇನ್ನೊಂದು. ಅದಾದ ಮೇಲೆ ಮತ್ತೊಂದು: ನನ್ನ ತಂಗಿ ನಿನ್ನ ಹತ್ರ ಏನಾದ್ರೂ ಹೇಳ್ಕೋತಾಳಾ? ನಂಗಂತೂ ಹೇಳಲ್ಲ, ನಾನು ಬೈತೀನಿ ಅಂತ ಇರ್ಬೇಕು, ಎಂದು ಒದ್ದೆ ಟವೆಲ್ ಹಿಂಡುತ್ತ ಅಕ್ಕ ಕೇಳಿದ್ದು. ಅದನ್ನು ಕಳಿಸಿದ ರಾತ್ರಿ ಹಲ್ಲಿಯ ಕಡೆಯಿಂದ ಟೈಪಿಂಗ್ ಎಂಬುದು ಬಹಳ ಹೊತ್ತು ಹತ್ತಿ ಆರಿ ಹತ್ತಿ, ಕೊನೆಗೆ ಏನೂ ಬರಲಿಲ್ಲ. ಲಿಫ್ಟಮ್ಮ ಏನಾಯ್ತೇ ಎಂದು ಕೇಳಲಿಲ್ಲ. ಕೇಳದಿರುವುದು ಎಷ್ಟು ಕಷ್ಟವೆಂದು ಅದುವರೆಗೆ ಅವಳಿಗೆ ಗೊತ್ತಿರಲಿಲ್ಲ.

ಇದು ಸರಿಹೋಯಿತು ಎಂದುಕೊಂಡಳು. ಆದರೆ ಅಕ್ಕ ತನ್ನ ಅಕ್ಕನಲ್ಲ. ತನ್ನ ಬಳಿ ಇದ್ದದ್ದು ಗೆಳತಿಯ ಅಕ್ಕನ ಚೂರುಪಾರು ಅಷ್ಟೇ. ಬಾಗಿಲಲ್ಲಿ ನಿಂತು ಕಂಡದ್ದು, ಕೊಳದ ಅಂಚಿನಲ್ಲಿ ಕೇಳಿದ್ದು. ಕೆಲಸದ ನಡುವೆ, ಯಾರೋ ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡು ಏದುಸಿರು ಬಿಡುತ್ತಿದ್ದಾಗ, ಲೈನಿನಲ್ಲೇ ಇದ್ದೀನಿ ಎನ್ನುತ್ತಲೇ ಅವಳು ತಲೆಯೊಳಗೆ ಹುಡುಕುತ್ತಿದ್ದಳು. ಅಕ್ಕನ ಚಪ್ಪಲಿ ಹೇಗಿತ್ತು? ಶಾಲೆಯಲ್ಲಿದ್ದಾಗ ಅವರ ಮನೆಗೆ ಹೋದರೆ ಏನನ್ನುತ್ತಿದ್ದಳು? ಮೇಲ್ವಿಚಾರಕರು ಗಾಜಿನಾಚೆಯಿಂದ, ಏನಮ್ಮಾ ಕನಸಾ, ಎಂದು ಕೈಸನ್ನೆ ಮಾಡಿದರು. ಸಿಕ್ಕದ್ದನ್ನೆಲ್ಲ ಕಳಿಸಿದಳು. ಒಂದು ರಾತ್ರಿ, ಇನ್ನೊಂದು ಇದ್ಯಾ, ಎಂಬುದು ಬಂದಾಗ ಕೈ ಖಾಲಿ.

ಇಲ್ಲ ಎಂದರೆ ಮತ್ತೆ ಬೂದು ಸಾಲುಗಳು. ಅದನ್ನು ಮಾತ್ರ ಅವಳಿಂದ ಮತ್ತೆ ನೋಡಲಾಗದು. ಅವಳು ಒಂದನ್ನು ಹುಟ್ಟಿಸಿದಳು. ಎಲ್ಲರೂ ಹೋದ ಮೇಲೆ ನಿಮ್ಮಕ್ಕ ಕೊಳದ ಮೆಟ್ಟಿಲ ಮೇಲೆ ಕಾಲು ಇಳಿಬಿಟ್ಟು ಹಾಡ್ತಿದ್ಲು, ಒಂದು ಸಲ ಮರೆತ ಟೋಪಿ ತಗೊಳ್ಳೋಕೆ ವಾಪಸ್ ಹೋದಾಗ ಕೇಳಿಸ್ಕೊಂಡೆ, ಎಂದು ಬರೆದಳು. ಚೆನ್ನಾಗಿಯೇ ಬಂದಿತ್ತು. ಟೋಪಿ ಸೇರಿಸಿದ್ದರಿಂದ ನಿಜದ ಹಾಗೆ ಕಾಣುತ್ತಿತ್ತು.

ಅಕ್ಕ ಹಾಡ್ತಿದ್ಲಾ? ಎಂದಳು ಹಲ್ಲಿ. ಮತ್ತೆ: ಯಾವ ಹಾಡು?

ಇಷ್ಟು ದಿನ ಪ್ರಶ್ನೆ ಕೇಳಬಾರದೆಂದು ಕಲಿತದ್ದು ತಾನು. ಈಗ ಪ್ರಶ್ನೆ ತನ್ನ ಮೇಲೆಯೇ ಬಂದು ಕೂತಿತ್ತು. ಒಂದು ಹಾಡಿನ ಹೆಸರು ಹೇಳಿದರೆ ಹಲ್ಲಿ ಅದನ್ನು ಹುಡುಕಿ ಹಾಕಿಕೊಂಡು ಕೇಳುತ್ತಾಳೆ, ದಿನಾ ಕೇಳುತ್ತಾಳೆ. ಇಲ್ಲದ ಒಬ್ಬ ಅಕ್ಕ ಆ ಹಾಡಿನೊಳಗೆ ವಾಸ ಮಾಡತೊಡಗುತ್ತಾಳೆ, ಇದ್ದವಳನ್ನು ಪಕ್ಕಕ್ಕೆ ತಳ್ಳಿ. ಪಕ್ಕದಲ್ಲಿ ಅಮ್ಮ ನಿದ್ದೆಯಲ್ಲೇ ಹೊರಳಿ ಅವಳ ತೋಳಿನ ಮೇಲೆ ಭಾರ ಬಿಟ್ಟಳು. ತೋಳು ಸಿಕ್ಕಿಕೊಂಡಿತು. ಇನ್ನೊಂದು ಕೈಯ ಹೆಬ್ಬೆರಳಿನಿಂದ ಲಿಫ್ಟಮ್ಮ ಬರೆದಳು.

ಸುಳ್ಳು ಕಣೇ. ಹಾಡ್ತಿರ್ಲಿಲ್ಲ. ನನ್ನ ಹತ್ರ ಇದ್ದಿದ್ದೆಲ್ಲ ಮುಗೀತು.

ನೀಲಿ ಗೆರೆ. ಪರದೆ ಮಬ್ಬಾದಾಗಲೆಲ್ಲ ಮುಟ್ಟಿ ಬೆಳಗಿಸಿದಳು. ತೋಳು ಜೋಮು ಹಿಡಿಯುತ್ತಿತ್ತು.

ಗೊತ್ತಿತ್ತು, ಎಂದು ಬಂತು. ಅಕ್ಕಂದು ಕತ್ತೆ ಗಂಟಲು. ಆದ್ರೂ ಯಾವ ಹಾಡು ಅಂತೀಯಾ ನೋಡೋಣ ಅನ್ಕೊಂಡೆ.

ಸ್ವಲ್ಪ ಹೊತ್ತಾದ ಮೇಲೆ: ನಿಂದು ಮುಗೀತು ಅಂದ್ರೆ ಇನ್ನು ಅಕ್ಕ ನನ್ನೊಬ್ಬಳ ಹತ್ರಾನೇ ಇರೋದು. ನಾನು ಮರೆತ್ರೆ ಮುಗೀತು. ಅದೇ ಹೆದ್ರಿಕೆ ನಂಗೆ.

ಲಿಫ್ಟಮ್ಮ ಆ ಸಾಲುಗಳನ್ನು ಓದಿದಳು. ಹೆದರಬೇಡ ಎಂಬ ಪದ ಬೆರಳ ತುದಿಯವರೆಗೆ ಬಂದು ನಿಂತಿತು. ಮರೆಯಲ್ಲ ಬಿಡು ಎನ್ನುವುದೂ ಬಂತು. ಎರಡನ್ನೂ ಬರೆಯಲಿಲ್ಲ.

ಹಾಗಾದ್ರೆ ನಂಗೂ ಕೊಡು, ಎಂದು ಬರೆದಳು. ನಿನಗೆ ಯಾವಾಗ ಬೇಕೋ ಆವಾಗ. ನಾನು ಏನೂ ಹೇಳಲ್ಲ, ಇಟ್ಕೊಂಡಿರ್ತೀನಿ.

ಬಹಳ ಹೊತ್ತು ಪರದೆ ಹಾಗೇ ಇತ್ತು. ಇದೂ ತಪ್ಪಾಯಿತೇನೋ. ಇದೂ ಒಂದು ಕೆಲಸವನ್ನೇ ಹೇರಿದಂತಾಯಿತೇನೋ. ಕೋಣೆಯಲ್ಲಿ ಗಾಳಿ ಇರಲಿಲ್ಲ. ಹೊದಿಕೆ ಸರಿಸಬೇಕೆಂದರೆ ತೋಳು ಎಳೆಯಬೇಕು, ಎಳೆದರೆ ಅಮ್ಮ ಏಳುತ್ತಾಳೆ. ಅವಳು ಅಲುಗದೆ ಬಿದ್ದಿದ್ದಳು.

ಆಮೇಲೆ ತುಂಡು ತುಂಡಾಗಿ ಬರತೊಡಗಿತು.

ಅಕ್ಕಂಗೆ ಈಜು ಬರ್ತಿರ್ಲಿಲ್ಲ ಗೊತ್ತಾ.

ನಾನು ಚಿಕ್ಕೋಳಿದ್ದಾಗ ಆಳದ ನೀರಿನ ತೊಟ್ಟಿಗೆ ಬಿದ್ದಿದ್ದೆ. ಅಕ್ಕ ಅಂಚಲ್ಲಿ ನಿಂತು ಬರೀ ಕಿರುಚಿದ್ಲು. ಇಳೀಲಿಲ್ಲ. ಯಾರೋ ದಾರೀಲಿ ಹೋಗೋನು ಎತ್ತಿದ.

ಮಾರನೇ ದಿನಾನೇ ಹೋಗಿ ಈಜು ಕಲಿಯೋಕೆ ಸೇರ್ಕೊಂಡ್ಲು. ಯಾರಿಗೂ ಹೇಳ್ಬೇಡ ಅಂದಿದ್ಲು.

ಈಗ ನಿಂಗೆ ಹೇಳ್ದೆ.

ಲಿಫ್ಟಮ್ಮ ಏನನ್ನೂ ಒತ್ತಲಿಲ್ಲ. ಅವಳ ತೋಳಿಗೆ ಈಗ ಸ್ಪರ್ಶವೇ ಇರಲಿಲ್ಲ, ಬೇರೆ ಯಾರದೋ ತೋಳಿನಂತೆ ಅಮ್ಮನ ಕೆಳಗೆ ಬಿದ್ದಿತ್ತು. ಪರದೆಯ ಮೇಲೆ ಮತ್ತೆ ಟೈಪಿಂಗ್ ಎಂದು ಹತ್ತಿತು.

ಇರು, ಎಂದು ಬಂತು. ಅವನು ನನ್ನ ಎತ್ತಿದ ಮೇಲೆ ಅಕ್ಕ ನನಗೆ ಹೊಡೆದಿದ್ದು ಹೇಳಿಲ್ಲ ಇನ್ನೂ.